ಗ್ಯಾಸೂ ಇತ್ತು, ಕಲ್ಲೂ ಇತ್ತು

ದಾವಣಗೆರೆಯಲ್ಲಿ ಹೊಟ್ಟೆಯ ಆಸುಪಾಸು ಎಲ್ಲೇ ನೋವಾದರೂ ಮೊದಲ ಆರೋಪಿ ಮಿರ್ಚಿ. ಆವತ್ತು ಸಂಜೆ ಮಂಡಕ್ಕಿ ಜೊತೆ ಆರು ಮಿರ್ಚಿ ಹೊಡೆದಿದ್ದೆ. ರಾತ್ರಿ ಎರಡು ಗಂಟೆಗೆ ಎಡಗಡೆ ಸೊಂಟದ ಮೇಲೆ ಯಾರೋ ಹಿಂದಿನಿಂದ ಒದ್ದ ಹಾಗಾಯ್ತು.

"ಗ್ಯಾಸ್ ಕಣ್ರೀ, ಸೋಡಾ ಕುಡೀರಿ" ಅಂದಳು ನನ್ನಾಕೆ. ಕುಡಿದೆ. ತೇಗು ಬಂತು, ನೋವು ಹೋಗಲಿಲ್ಲ. ಕೂತರೆ ಮಲಗಬೇಕು, ಮಲಗಿದರೆ ಏಳಬೇಕು, ಎದ್ದರೆ ಗೋಡೆಗೆ ತಲೆ ಆನಿಸಬೇಕು.

ಬೆಳಿಗ್ಗೆ ಸ್ಕ್ಯಾನಿಂಗ್ ಮಾಡಿದವರು ಎಡ ಕಿಡ್ನಿ ಊದಿದೆ, ಆದರೆ ಕರುಳಿನ ಗ್ಯಾಸ್ ಅಡ್ಡ ಬಂದು ಕೊಳವೆ ಸರಿಯಾಗಿ ಕಾಣ್ತಿಲ್ಲ ಅಂದರು. "ನಾನು ಹೇಳ್ಲಿಲ್ವಾ ಗ್ಯಾಸ್ ಅಂತ?" ಅಂದಳು. ಏನು ಹೇಳಲಿ!

ಸಿಟಿ ಸ್ಕ್ಯಾನ್‌ನಲ್ಲಿ ಕಲ್ಲು ಸಿಕ್ಕಿತು, 5 ಮಿಲಿಮೀಟರ್. ಡಾಕ್ಟರು ಚೀಟಿಯ ಹಿಂದೆ ಚಿತ್ರ ಬರೆದರು. ಕಿಡ್ನಿಯಿಂದ ಮೂತ್ರಚೀಲಕ್ಕೆ ಇಳಿಯುವ ಕೊಳವೆ, ಯುರೇಟರ್, ಉದ್ದ ಸುಮಾರು 25 ಸೆಂಟಿಮೀಟರ್, ಒಳಗಿನ ದಾರಿ ಮೂರ್ನಾಲ್ಕು ಮಿಲಿಮೀಟರ್ ಅಷ್ಟೆ. ಅದರಲ್ಲೂ ಮೂರು ಕಡೆ ಇನ್ನೂ ಇಕ್ಕಟ್ಟು. ಕಿಡ್ನಿಯ ಅಗಲವಾದ ಆಲಿಕೆ ಮುಗಿದು ಕೊಳವೆ ಶುರುವಾಗುವ ಕಡೆ ಒಂದು. ಕಾಲಿಗೆ ಹೋಗುವ ದಪ್ಪ ರಕ್ತನಾಳದ ಮೇಲೆ ಹಾದು ಕಿಬ್ಬೊಟ್ಟೆಯೊಳಗೆ ಬಾಗುವ ಕಡೆ ಇನ್ನೊಂದು. ಕೊನೆಯದು ಮೂತ್ರಚೀಲದ ಬಾಗಿಲು, ಎಲ್ಲಕ್ಕಿಂತ ಕಿರಿದು.

"ದುರ್ಗದಲ್ಲಿ ಓಬವ್ವನ ಕಿಂಡಿ ನೋಡಿದ್ದೀರಲ್ಲ, ಹಂಗೆ" ಅಂದರು. ಕೊಳವೆ ಮೂತ್ರಚೀಲದ ದಪ್ಪ ಗೋಡೆಯನ್ನು ನೇರ ತೂರುವುದಿಲ್ಲ, ಓರೆಯಾಗಿ ನುಸುಳುತ್ತದಂತೆ. ಚೀಲ ತುಂಬಿದಾಗ ಆ ತುದಿ ಒತ್ತಿ ಮುಚ್ಚಿಕೊಳ್ಳುತ್ತದೆ, ಹಾಗಾಗಿ ಮೂತ್ರ ವಾಪಸ್ ಕಿಡ್ನಿಗೆ ಏರುವುದಿಲ್ಲ. ಒಳ್ಳೆ ಏರ್ಪಾಡೇ, ಕಲ್ಲಿಲ್ಲದವರಿಗೆ.

ಕಲ್ಲು ಕೆರೆದು ಗಾಯವಾಗಿ ನೋವು ಅಂತ ನಾನು ತಿಳಿದಿದ್ದೆ. ಮುಖ್ಯ ಕಾರಣ ಅದಲ್ಲವಂತೆ. ಕಲ್ಲು ಸಿಕ್ಕಿಬಿದ್ದರೆ ಮೇಲೆ ಮೂತ್ರ ಕಟ್ಟಿಕೊಂಡು ಕೊಳವೆ, ಕಿಡ್ನಿ ಎರಡೂ ಬಿಗಿಯುತ್ತವೆ, ಕೊಳವೆ ಅದನ್ನು ತಳ್ಳೋಕೆ ಹಿಂಡಿ ಹಿಂಡಿ ನೋಡುತ್ತದೆ, ಅದಕ್ಕೇ ನೋವು ಅಲೆ ಅಲೆಯಾಗಿ ಬರೋದು.

5 ಮಿಲಿಮೀಟರ್ ತಾನಾಗಿ ಬೀಳುವ ಸಾಧ್ಯತೆ ಇದೆ, ಜ್ವರ ಚಳಿ ಬಂದರೆ ಮಾತ್ರ ಒಂದು ನಿಮಿಷ ಕಾಯದೆ ಬನ್ನಿ ಅಂತ ಹೇಳಿ, ನೋವಿಗೆ ಇಂಜೆಕ್ಷನ್ ಕೊಟ್ಟು ಕಳಿಸಿದರು.

ಆಮೇಲೆ ಕಲ್ಲು ಇಳೀತಾ ಎಲ್ಲಿಗೆ ಬಂತು ಅಂತ ನನಗೇ ಗೊತ್ತಾಗುತ್ತಿತ್ತು. ಮೂರನೇ ದಿನ ನೋವು ಬೆನ್ನು ಬಿಟ್ಟು ಹೊಟ್ಟೆಯ ಕೆಳಗೆ, ತೊಡೆಸಂದಿಗೆ ಇಳಿಯಿತು. ಆರನೇ ದಿನ ಹತ್ತು ನಿಮಿಷಕ್ಕೊಮ್ಮೆ ಬಚ್ಚಲಿಗೆ ಓಟ, ಹೋದರೆ ನಾಲ್ಕು ಹನಿ. ಕಲ್ಲು ಕಿಂಡಿ ಬಾಗಿಲಿಗೆ ಬಂದಿದೆ, ಅದು ಕೆರಳಿಸೋದಕ್ಕೆ ಚೀಲ ತುಂಬಿದೆ ಅಂತ ಸುಮ್ನೆ ಭ್ರಮೆ ಅಂದರು ಡಾಕ್ಟರು. ಅದೇ ಹೊತ್ತಿಗೆ ಇನ್ನೊಂದು ಸ್ಕ್ಯಾನಿಂಗ್. ಆ ತುದಿ ಕಾಣಬೇಕಾದರೆ ಚೀಲ ತುಂಬಿರಬೇಕಂತೆ, ಒಂದು ಲೀಟರ್ ನೀರು ಕುಡಿದು ತಡ್ಕೊಂಡು ಕೂರಿ ಅಂದರು. ನನ್ನ ಮುಂದೆ ಏಳು ಜನ ಇದ್ದರು!

ಕಿಂಡಿ ದಾಟಿದರೆ ಮುಂದಿನ ದಾರಿ ಅಗಲ. ಎಂಟನೇ ದಿನ ಟಣ್ ಅಂತು. ಪರೀಕ್ಷೆಗೆ ಕಲ್ಲು ಬೇಕು, ಸೋಸಿ ಹಿಡಿಯಿರಿ ಅಂದಿದ್ದರು, ಅವಸರದಲ್ಲಿ ಕೈಗೆ ಸಿಕ್ಕಿದ್ದು ಟೀ ಸೋಸುವ ಜಾಲರಿ. ಹೊಸದು ತಂದುಕೊಟ್ಟು ತಿಂಗಳಾಯ್ತು. ನನ್ನಾಕೆ ಇನ್ನೂ ಟೀ ಬಟ್ಟೆಯಲ್ಲೇ ಸೋಸುತ್ತಾಳೆ.