ಶೇಕಡ ನೂರರ ಮನುಷ್ಯ

ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ನಮ್ಮ ಓಣಿಯ ಹುಡುಗ ಸದ್ಯಕ್ಕೆ ಶೇಕಡ 75ರಷ್ಟು ಮನುಷ್ಯ. ಇದನ್ನು ಹೇಳಿದ್ದು ನಾನಲ್ಲ, ಕೆಲಸ ಕೊಡಿಸುವ ಆ್ಯಪ್. ದಿನಾ ಬೆಳಿಗ್ಗೆ ಹಲ್ಲು ಉಜ್ಜುವ ಮೊದಲೇ ಟಣ್ ಅನ್ನುತ್ತದೆ: ನಿಮ್ಮ ಪ್ರೊಫೈಲ್ ಇನ್ನೂ ಅಪೂರ್ಣ, ಪೂರ್ತಿ ಮಾಡಿ, ಒಳ್ಳೆ ಕೆಲಸ ಪಡೆಯಿರಿ. ಕೆಳಗೆ ಒಂದು ಹಸಿರು ಪಟ್ಟಿ, ಮುಕ್ಕಾಲು ತುಂಬಿ ನಿಂತಿರುತ್ತದೆ. ಬೇಡ ಅನ್ನಲು ಒಂದು ಬಟನ್ ಕೂಡ ಇದೆ, ಪುಣ್ಯಾತ್ಮರು ಅದನ್ನು ಮರೆತಿಲ್ಲ. ಅದರ ಮೇಲೆ ಬರೆದಿರುವುದು: 'ಬೇಡ, ನನಗೆ ಒಳ್ಳೆ ಕೆಲಸದ ಅಗತ್ಯ ಇಲ್ಲ.'

ಈ ಪಟ್ಟಿ ನಿಮಗೂ ಗೊತ್ತು. ಬ್ಯಾಂಕು, ಮದುವೆ, ಮನೆ ಬಾಡಿಗೆ, ಎಲ್ಲಾ ಕಡೆ ಇದೆ. ಯಾವ ಪಟ್ಟಿಯೂ ಸೊನ್ನೆಯಿಂದ ಶುರುವಾಗುವುದಿಲ್ಲ, ಗಮನಿಸಿದ್ದೀರಾ? ಬರೀ ಫೋನ್ ನಂಬರ್ ಕೊಟ್ಟರೆ ಸಾಕು, ಆಗಲೇ ಶೇಕಡ 20 ಆಯ್ತು, ಭೇಷ್ ಅನ್ನುತ್ತದೆ. ಇದು ದಾನ ಅಲ್ಲ, ಲೆಕ್ಕ. ಅಮೆರಿಕದ ಒಂದು ಕಾರು ತೊಳೆಯುವ ಅಂಗಡಿಯಲ್ಲಿ ನೂನೆಸ್, ಡ್ರೇಜ್ ಎಂಬ ಇಬ್ಬರು ಸಂಶೋಧಕರು ಇದನ್ನು ಪರೀಕ್ಷೆ ಮಾಡಿದ್ದರು, ವರದಿ ಬಂದದ್ದು 2006ರಲ್ಲಿ. ಒಂದು ಸಲ ಕಾರು ತೊಳೆಸಿದರೆ ಕಾರ್ಡಿಗೆ ಒಂದು ಮುದ್ರೆ, ಕಾರ್ಡ್ ತುಂಬಿದರೆ ಒಂದು ಸಲ ಪುಕ್ಕಟೆ. ಅರ್ಧ ಜನರಿಗೆ 8 ಮುದ್ರೆಯ ಕಾರ್ಡ್ ಕೊಟ್ಟರು. ಉಳಿದವರಿಗೆ 10 ಮುದ್ರೆಯ ಕಾರ್ಡ್, ಆದರೆ ಎರಡು ಮೊದಲೇ ಒತ್ತಿದ್ದು. ಎರಡೂ ಗುಂಪಿನವರು ಎಂಟೇ ಸಲ ಕಾರು ತೊಳೆಸಬೇಕು. ಮೊದಲ ಗುಂಪಿನಲ್ಲಿ ಕಾರ್ಡ್ ಪೂರ್ತಿ ಮಾಡಿದವರು ಶೇಕಡ 19, ಎರಡನೆಯದರಲ್ಲಿ 34. ಆಗಲೇ ಶುರುವಾಗಿದೆ ಅನಿಸಿದರೆ ಸಾಕು, ಮನುಷ್ಯ ಮುಗಿಸುವವರೆಗೆ ಬಿಡುವುದಿಲ್ಲ.

ಆ್ಯಪಿನ ಜಾಣರು ಇಷ್ಟನ್ನು ಓದಿದರು. ಒಂದು ಸಣ್ಣ ವಿಷಯ ಮಾತ್ರ ಬಿಟ್ಟುಬಿಟ್ಟರು. ಅಲ್ಲಿ ಮುದ್ರೆ ಒತ್ತುವವನು ಅಂಗಡಿಯವನು, ಕಾರು ನಿಜವಾಗಿ ತೊಳೆದ ಮೇಲೆ. ಇಲ್ಲಿ ಮುದ್ರೆಯೂ ನಮ್ಮ ಕೈಲಿ, ಕಾರ್ಡೂ ನಮ್ಮ ಕೈಲಿ. ಮುಗಿಸುವ ಆಸೆ ಹುಟ್ಟಿಸಿ ಕಾವಲು ಇಡದೆ ಹೋದರೆ ಜನ ಏನು ಮಾಡುತ್ತಾರೋ ನಮ್ಮ ಟೇಲರ್ ಅದನ್ನೇ ಮಾಡಿದ.

ಅವನಿಗೆ ಉಳಿದದ್ದು ಐದು ಖಾನೆ, ಒಂದೊಂದಕ್ಕೆ ಶೇಕಡ 5. ಮೊದಲನೆಯದು ಸರ್‌ನೇಮ್. ನಮ್ಮ ಕಡೆ ಎಷ್ಟೋ ಜನರಿಗೆ ಅದು ಇಲ್ಲ. ಹೆಸರು, ಮುಂದೆ ಅಪ್ಪನ ಹೆಸರಿನ ಒಂದು ಅಕ್ಷರ, ಮುಗೀತು. ಆ್ಯಪ್ ಒಂದಕ್ಷರ ಒಪ್ಪುವುದಿಲ್ಲ, ಚುಕ್ಕೆ ಇಟ್ಟರೂ ಒಪ್ಪುವುದಿಲ್ಲ. ಹಾಗಾಗಿ ಕೊಪ್ಪಳ ಜಿಲ್ಲೆಯ ಹುಲಿಗೆಪ್ಪಂದಿರೆಲ್ಲ ಫೋನಿನೊಳಗೆ ಹುಲಿಗೆಪ್ಪ ಹುಲಿಗೆಪ್ಪ ಆಗಿದ್ದಾರೆ. ಎರಡನೆಯದು ಪದವಿ: ಪಟ್ಟಿಯಲ್ಲಿ 'ಇಲ್ಲ' ಎಂಬುದೇ ಇಲ್ಲ, ಮೇಲಿದ್ದ ಬಿ.ಎ. ಒತ್ತಿದ. ಮೂರನೆಯದು ಇಂಗ್ಲಿಷ್: ಸಾಧಾರಣ, ಉತ್ತಮ, ನಿರರ್ಗಳ. 'ಬರಲ್ಲ' ಅನ್ನುವ ಧೈರ್ಯ ಆ್ಯಪಿಗೂ ಇಲ್ಲ. ಉತ್ತಮ ಒತ್ತಿದ. ನಾಲ್ಕನೆಯದು ಹಳೆ ಕಂಪನಿಯ ಎಚ್ಆರ್ ಇಮೇಲ್. ಹತ್ತು ಹೊಲಿಗೆ ಮಷಿನ್ ಇರುವ ಶೆಡ್ಡಿನಲ್ಲಿ ಎಚ್ಆರ್ ಯಾರು? ತನ್ನದೇ ಇಮೇಲ್ ಹಾಕಿದ.

ಐದನೆಯದರಲ್ಲಿ ನಿಜವಾದ ಪೆಟ್ಟು ಬಿತ್ತು. ಈಗಿನ ತಿಂಗಳ ಸಂಬಳ. ಅವನಿಗೆ ಸಂಬಳ ಇಲ್ಲ, ಪೀಸ್ ಲೆಕ್ಕ. ಸೀಸನ್ನಿನಲ್ಲಿ ಒಳ್ಳೆ ವಾರ ಐದು ಸಾವಿರ, ಆರ್ಡರ್ ಇಲ್ಲದಾಗ ಸೊನ್ನೆ. ಸತ್ಯ ಹೇಳಬೇಕೆಂದರೂ ಆ ಖಾನೆಯಲ್ಲಿ ಹೇಳಲು ಆಗುವುದಿಲ್ಲ. ಒಳ್ಳೆ ವಾರವನ್ನು ನಾಲ್ಕರಿಂದ ಗುಣಿಸಿ 20,000 ಬರೆದ. ಪಟ್ಟಿ ತುಂಬಿತು, ಪರದೆ ಮೇಲೆ ಬಣ್ಣದ ಕಾಗದದ ಚೂರು ಉದುರಿದವು. ಆಮೇಲೆ ಅವನಿಗೆ ಕೆಲಸಗಳೇ ಕಾಣಲಿಲ್ಲ. ಯಾಕೆಂದರೆ ಆ್ಯಪ್ ಈಗಿನ ಸಂಬಳಕ್ಕಿಂತ ಕಡಿಮೆ ಇರುವುದನ್ನು ಬಚ್ಚಿಡುತ್ತದೆ, ನಮ್ಮ ಒಳ್ಳೆಯದಕ್ಕೇ. ತಿಂಗಳಿಗೆ 16,000ದ ಖಾಯಂ ಕೆಲಸ ಅವನಿಗೆ ಅಮೃತ, ಅದೇ ಕಾಣಲಿಲ್ಲ. ಕಂಡದ್ದಕ್ಕೆ ಅರ್ಜಿ ಹಾಕಿದರೆ ಬೆಂಗಳೂರಿನಿಂದ ಯಾರೋ ಹೆಣ್ಣುಮಗಳು ಫೋನ್ ಮಾಡಿ ಇಂಗ್ಲಿಷಿನಲ್ಲಿ ಮಾತಾಡಿದಳು. ಇವನು ಕಟ್ ಮಾಡಿದ. ಹೇಗಾಯ್ತಪ್ಪಾ ಅಂದೆ. 'ಅಣ್ಣಾ, ಸುಳ್ಳು ಹೇಳಂಗ ಅದ ಮಾಡ್ತು, ಸಿಕ್ಕೊಂಡಿದ್ದು ನಾನು' ಅಂದ.

ಖಾಲಿ ಖಾನೆ ಕಂಡರೆ ತಡೆಯಲಾಗದವರು ಆ್ಯಪಿನವರು ಮಾತ್ರ ಅಲ್ಲ ಬಿಡಿ. ನಮ್ಮ ಹೆಡ್ ಮಾಸ್ತರರು ಇವರಿಗಿಂತ ಹಿರಿಯರು. ಮಗುವನ್ನು ಶಾಲೆಗೆ ಸೇರಿಸಲು ಬಂದ ಅವ್ವನಿಗೆ ಹುಟ್ಟಿದ ತಾರೀಕು ಗೊತ್ತಿರಲಿಲ್ಲ, ಮಳೆ ಜೋರಿದ್ದ ವರ್ಷ ಅಂದಿರುತ್ತಾಳೆ. ಮಾಸ್ತರರು ಜೂನ್ 1 ಅಂತ ಬರೆದು ಮುಂದಿನವರನ್ನು ಕರೆದರು. ರಾಯಚೂರು, ಕೊಪ್ಪಳ, ಬಳ್ಳಾರಿಯ ಯಾವ ಸರ್ಕಾರಿ ಕಚೇರಿಗಾದರೂ ಹೋಗಿ ಕೇಳಿ, ಜೂನ್ 1ಕ್ಕೆ ಹುಟ್ಟಿದವರು ಸಿಗದಿದ್ದರೆ ನನ್ನನ್ನು ಕೇಳಿ. ಇದನ್ನು ಇಲ್ಲಿ ಎಳೆದದ್ದಕ್ಕೆ ಕಾರಣ ಇದೆ. ಸುಳ್ಳು ಮಾಹಿತಿ ಹಿಡಿಯಲು ಎಂಜಿನಿಯರುಗಳು ಮೊದಲು ನೋಡುವುದು ಒಂದೇ ಉತ್ತರ ಎಲ್ಲಿ ಗುಡ್ಡೆ ಬಿದ್ದಿದೆ ಎಂದು. ಜನವರಿ 1ರ ಗುಡ್ಡೆ ಇದ್ದರೆ ಹೆಚ್ಚಾಗಿ ಅದು ಯಂತ್ರ ಮೊದಲೇ ತೋರಿಸಿದ ತಾರೀಕು, ಜನ ಸುಮ್ನೆ ಮುಂದೆ ಒತ್ತಿದ್ದಾರೆ. ಜೂನ್ 1ರ ಗುಡ್ಡೆ ಆಧಾರ್‌ನಲ್ಲೂ ಹಾಗೇ ಇದೆ, ಪಾಪ ಆ ಜನ ದಾಖಲೆಯಲ್ಲಿದ್ದದ್ದನ್ನೇ ಬರೆದಿದ್ದಾರೆ. ಊರು ಗೊತ್ತಿಲ್ಲದವನು ಗ್ರಾಫ್ ನೋಡಿದರೆ ನಮ್ಮವರನ್ನೆಲ್ಲ ಕಳ್ಳರ ಪಟ್ಟಿಗೆ ಹಾಕುತ್ತಾನೆ.

ಹಿಡಿಯಬೇಕಾದ್ದು ಬೇರೆ ಕಡೆ ಇದೆ. ಮೊದಲ ಹದಿನೈದು ಖಾನೆಗೆ ನಿಧಾನವಾಗಿ ಯೋಚಿಸಿದವನು ಕೊನೆಯ ಐದನ್ನು ಎರಡೆರಡು ಸೆಕೆಂಡಿನಲ್ಲಿ ಮುಗಿಸಿದರೆ, ಪ್ರತಿ ಪಟ್ಟಿಯಲ್ಲೂ ಮೊದಲ ಆಯ್ಕೆಯನ್ನೇ ಒತ್ತಿದರೆ, ಅದು ಉತ್ತರ ಅಲ್ಲ, ಬಾಗಿಲು ದಾಟುವ ಅವಸರ. ಆ ಹಸಿರು ಪಟ್ಟಿ ಹಾಕುವ ಮೊದಲು ಎಷ್ಟು ಜನ ಹೀಗಿದ್ದರು, ಹಾಕಿದ ಮೇಲೆ ಎಷ್ಟು, ಅದನ್ನು ನೋಡಬೇಕು. ಪೂರ್ತಿ ಮಾಡಿದವರ ಸಂಖ್ಯೆ ಏರಿ, ಫೋನ್ ಮಾಡಿದಾಗ ಹೊಂದಿಕೆಯಾದವರ ಸಂಖ್ಯೆ ಇಳಿದಿದ್ದರೆ ಪಟ್ಟಿ ಕೆಲಸ ಮಾಡಿಲ್ಲ, ಕೆಲಸ ಕೆಡಿಸಿದೆ. ಆದರೆ ತಿಂಗಳ ಮೀಟಿಂಗಿನಲ್ಲಿ ಮೊದಲ ಸಂಖ್ಯೆಯನ್ನು ಮಾತ್ರ ತೋರಿಸುತ್ತಾರೆ, ಅದಕ್ಕೇ ಚಪ್ಪಾಳೆ.

ಸರಿಪಡಿಸುವುದು ಬ್ರಹ್ಮವಿದ್ಯೆ ಏನಲ್ಲ. ಭಾಗಿಸುವ ಸಂಖ್ಯೆ ಬದಲಾಯಿಸಿ. ಟೇಲರ್ ಅಂತ ಬರೆದ ಕೂಡಲೇ ಪದವಿ, ಎಚ್ಆರ್ ಇಮೇಲ್ ಲೆಕ್ಕದಿಂದ ಹೊರಗೆ ಹೋಗಲಿ. ಉಳಿದದ್ದಕ್ಕೆ 'ನನಗೆ ಅನ್ವಯಿಸುವುದಿಲ್ಲ' ಅಂದರೂ ಪೂರ್ತಿ ಅಂಕ ಸಿಗಲಿ, ಅದೂ ಉತ್ತರವೇ ತಾನೇ? ಒಂದೇ ಹೆಸರಿದ್ದರೆ ಒಂದೇ ಹೆಸರು. ಸಂಬಳದ ಪಕ್ಕ ಪೀಸ್ ಲೆಕ್ಕ ಅಂತ ಇನ್ನೊಂದು ಬಟನ್, ಅದರ ಕೆಳಗೆ 'ಇದನ್ನು ಬರೆದರೆ ಇದಕ್ಕಿಂತ ಕಡಿಮೆ ಸಂಬಳದ ಕೆಲಸ ಕಾಣುವುದಿಲ್ಲ' ಎಂಬ ಒಂದು ಸಾಲು. ಅಷ್ಟು ಗೊತ್ತಿದ್ದರೆ ಅವನು 20,000 ಬರೆಯುತ್ತಲೇ ಇರಲಿಲ್ಲ. ಇಂಗ್ಲಿಷ್ ಬೇಕಾದ ಕೆಲಸಕ್ಕೆ ಅರ್ಜಿ ಹಾಕುವಾಗ ಇಂಗ್ಲಿಷ್ ಕೇಳಿ, ಜೇಬಿಗೆ ಹೊಲಿಗೆ ಹಾಕುವವನನ್ನು ಮೊದಲ ದಿನವೇ ಯಾಕೆ ಕೇಳಬೇಕು? ಒಮ್ಮೆ ಬೇಡ ಅಂದರೆ ಮತ್ತೆ ಟಣ್ ಅನ್ನಬೇಡಿ. ಇಷ್ಟು ಮಾಡಿದರೂ ಸುಳ್ಳು ಹೇಳುವವರು ಇರುತ್ತಾರೆ, ಒಳ್ಳೆ ಕೆಲಸದ ಆಸೆಗೆ ಹೇಳುತ್ತಾರೆ, ಅದನ್ನು ಯಾವ ಪಟ್ಟಿಯೂ ನಿಲ್ಲಿಸಲಾರದು. ಸುಳ್ಳು ಹೇಳುವ ಮನಸ್ಸೇ ಇಲ್ಲದವನ ಕೈ ಹಿಡಿದು ಬರೆಸುವುದನ್ನಾದರೂ ನಿಲ್ಲಿಸಬಹುದು.

ಅಂದ ಹಾಗೆ, 2023ರ ನವೆಂಬರಿನಲ್ಲಿ ಕೇಂದ್ರದ ಗ್ರಾಹಕ ರಕ್ಷಣಾ ಪ್ರಾಧಿಕಾರ ಇಂಥ 13 ಮೋಸದ ವಿನ್ಯಾಸಗಳನ್ನು ಹೆಸರಿಟ್ಟು ನಿಷೇಧಿಸಿತು. ಬಿಡದೆ ಪೀಡಿಸುವುದು ಅದರಲ್ಲಿದೆ, ಬೇಡ ಅನ್ನುವವನಿಗೆ ನಾಚಿಕೆ ಹುಟ್ಟಿಸುವುದೂ ಇದೆ. ಮೊನ್ನೆ ಆ ಹುಡುಗನ ಫೋನ್ ನೋಡಿದೆ. ಸುಳ್ಳನ್ನೆಲ್ಲ ಅಳಿಸಿ ಮತ್ತೆ 75ಕ್ಕೆ ಇಳಿದಿದ್ದಾನೆ. 'ನನಗೆ ಒಳ್ಳೆ ಕೆಲಸದ ಅಗತ್ಯ ಇಲ್ಲ' ಅನ್ನುವ ಬಟನ್ ಅಲ್ಲೇ ಇದೆ. ಎಂಟು ಗಂಟೆ ಮಷಿನ್ ತುಳಿದು ಬಂದವನ ಕೈಯಿಂದ ಈ ಮಾತನ್ನು ದಿನಾ ಒತ್ತಿಸುತ್ತೀರಲ್ಲ, ಎಸಿ ರೂಮಿನಲ್ಲಿ ಕೂತು ಅದನ್ನು ಬರೆದವರು ಯಾರ್ರೀ?