ಪಗಾರ ಅಷ್ಟೇ ಇದೆಯಂತೆ, ಭಾಗಾಕಾರ ಮಾತ್ರ ಬದಲಾಗಿದೆ

ಶುಕ್ರವಾರ ಮಧ್ಯಾಹ್ನ ನಮ್ಮ ಅಣ್ಣನ ಮಗ ಮನೆಗೆ ಬಂದಿದ್ದ. ಕೈಯಲ್ಲಿ ಕುಂದಾ ಡಬ್ಬಿ, ಮುಖದ ತುಂಬ ನಗು. ಉದ್ಯಮಬಾಗದ ಒಂದು ಮಷಿನ್ ಶಾಪಿನಲ್ಲಿ ಸಿಎನ್‌ಸಿ ಆಪರೇಟರ್ ಅವನು. ಎರಡು ತಿಂಗಳಿಂದ ವಾರಕ್ಕೆ ನಾಲ್ಕೇ ದಿನ ಕೆಲಸ. "ಕಾಕಾ, ಮೂರು ದಿನ ಸೂಟಿ, ಪಗಾರ ಅಷ್ಟ ಐತಿ ನೋಡ್ರಿ" ಅಂದ. ನನಗೆ ಖುಷಿಯೇ ಆಯಿತು. ಸುಮ್ನೆ ಕುಂದಾ ತಿಂದು ಕಳಿಸಿದ್ದರೆ ಒಳ್ಳೆಯದಿತ್ತು. ಆದರೆ ಇಪ್ಪತ್ತೆರಡು ವರ್ಷ ಹಾಜರಿ ಪುಸ್ತಕ ಬರೆದ ಕೈ ಇದು. "ಸ್ಲಿಪ್ ತೋರಿಸು" ಅಂದುಬಿಟ್ಟೆ.

ಬೇಸಿಕ್, ಡಿಎ ಸೇರಿ 20,800. ಮೊದಲೂ ಅಷ್ಟೇ, ಈಗಲೂ ಅಷ್ಟೇ. ಅದರ ಕೆಳಗೆ ಎರಡು ಸಾಲು. ಒಂದು ದಿನದ ಗೈರಿಗೆ ಕಡಿತ 1,200. ಇನ್ನೊಂದು, ಒಂದು ಶುಕ್ರವಾರ ಕರೆಸಿಕೊಂಡಿದ್ದಕ್ಕೆ ಆರು ತಾಸಿನ ಓಟಿ, 800.

ಅವನ ಮಟ್ಟಿಗೆ ಎರಡೂ ಸರಿ. "ಶುಕ್ರವಾರ ಅರ್ಧ ದಿನಕ್ಕ ಪೂರಾ ಹಾಜರಿ ಕೊಟ್ರು ಕಾಕಾ!" ಹೌದು, ಮೊದಲು ಅವನ ಒಂದು ದಿನದ ಪಗಾರ 800 ರೂಪಾಯಿಯೇ ಇತ್ತು. ಅದಕ್ಕೇ ಆ ಅಂಕಿ ಯಾರ ಕಣ್ಣಿಗೂ ಚುಚ್ಚಿಲ್ಲ. ನನಗೆ ಚುಚ್ಚಿತು.

ನಿಧಾನಕ್ಕೆ ಹೇಳ್ತೀನಿ. ಹಳೇ ಪದ್ಧತಿಯಲ್ಲಿ ತಿಂಗಳಿಗೆ 26 ದಿನ, ದಿನಕ್ಕೆ 8 ತಾಸು. ಒಟ್ಟು 208 ತಾಸು. 20,800 ಅನ್ನು 208ರಿಂದ ಭಾಗಿಸಿದರೆ ತಾಸಿಗೆ ನೂರು ರೂಪಾಯಿ. ಓಟಿ ದುಪ್ಪಟ್ಟು, ಅಂದರೆ ಇನ್ನೂರು. ಹೊಸ ಪದ್ಧತಿಯಲ್ಲಿ ಸೋಮವಾರದಿಂದ ಗುರುವಾರ, ಬೆಳಿಗ್ಗೆ 7ರಿಂದ ಸಂಜೆ 7.30. ಅರ್ಧ ತಾಸು ಊಟ ಕಳೆದರೆ 12 ತಾಸು. ನಾಲ್ಕು ದಿನಕ್ಕೆ 48. ವರ್ಷದ 52 ವಾರಕ್ಕೆ ಲೆಕ್ಕ ಹಾಕಿ ಹನ್ನೆರಡರಿಂದ ಭಾಗಿಸಿ ನೋಡಿ, ತಿಂಗಳಿಗೆ ಮತ್ತೆ ಅದೇ 208. ಅಂದರೆ ತಾಸಿನ ದರ ಒಂದು ಪೈಸೆ ಬದಲಾಗಬಾರದು. ಆರು ತಾಸಿನ ಓಟಿ 1,200 ಆಗಬೇಕು.

ಹಾಗಾದರೆ 800 ಎಲ್ಲಿಂದ ಬಂತು? ಅರ್ಧ ತಾಸು ತಲೆ ಕೆರೆದುಕೊಂಡೆ. ಆಮೇಲೆ ನಮ್ಮ ಕಾಲದ ಎಕ್ಸೆಲ್ ಶೀಟು ನೆನಪಾಯಿತು. ಬಿ ಕಾಲಮ್ಮಿನಲ್ಲಿ ಪಗಾರ, ಎಚ್ ಕಾಲಮ್ಮಿನಲ್ಲಿ ಓಟಿ ತಾಸು. ಸೂತ್ರ ಹೀಗಿರುತ್ತಿತ್ತು:

```
=B4/26/8*2*H4
```

ಪಾಳಿ 12 ತಾಸಾಯಿತು ಅಂತ ಯಾರೋ ಪುಣ್ಯಾತ್ಮ ಹೀಗೆ ಮಾಡಿರಬೇಕು:

```
=B4/26/12*2*H4
```

ಎಂಟನ್ನು ಅಳಿಸಿ ಹನ್ನೆರಡು ಹಾಕಿದ, ಇಪ್ಪತ್ತಾರನ್ನು ಮುಟ್ಟಲೇ ಇಲ್ಲ. 26 ದಿನ, ದಿನಕ್ಕೆ 12 ತಾಸು ಅಂದರೆ ತಿಂಗಳಿಗೆ 312 ತಾಸು. ಅಷ್ಟು ತಾಸು ಅಲ್ಲಿ ಯಾರೂ ದುಡಿಯುತ್ತಿಲ್ಲ. ಆದರೆ ಭಾಗಾಕಾರಕ್ಕೆ ಅದೇ ಸಂಖ್ಯೆ. ತಾಸಿನ ದರ ನೂರರಿಂದ 66 ರೂಪಾಯಿ 67 ಪೈಸೆಗೆ ಬಿತ್ತು. ಅದರ ದುಪ್ಪಟ್ಟು 133 ರೂಪಾಯಿ 33 ಪೈಸೆ. ಆರು ತಾಸಿಗೆ ಸರಿಯಾಗಿ 800.

ತಪ್ಪಿ ಆಗಿರಬಹುದು ಅಂತೀರಾ? ನಾನೂ ಹಾಗೇ ಅಂದುಕೊಂಡೆ. ಹಾಗಾದರೆ ಗೈರಿನ ಸಾಲು ನೋಡಿ. ಒಂದು ದಿನ ಬರದಿದ್ದಕ್ಕೆ 1,200 ಕಡಿತ. ಹನ್ನೆರಡು ತಾಸಿಗೆ ತಾಸಿಗೆ ನೂರರಂತೆ, ಒಂದು ರೂಪಾಯಿ ಹೆಚ್ಚುಕಮ್ಮಿ ಇಲ್ಲ. ಹಿಡಿಯುವಾಗ ತಾಸಿಗೆ ನೂರು, ಕೊಡುವಾಗ ತಾಸಿಗೆ 66 ಚಿಲ್ಲರೆ! ಒಂದೇ ಸ್ಲಿಪ್ಪು, ಒಂದೇ ಮನುಷ್ಯ, ಎರಡು ದರ. ನಮ್ಮ ಸಂತೆಯಲ್ಲಿ ಎರಡು ತಕ್ಕಡಿ ಇಟ್ಟವನಿಗೆ ಏನು ಮಾಡ್ತಾರೆ ಗೊತ್ತಲ್ವಾ?

ಇನ್ನು ಓಟಿ ಯಾವಾಗ ಶುರುವಾಗುತ್ತದೆ ಅನ್ನುವ ಮಾತು. 1948ರ ಫ್ಯಾಕ್ಟರಿ ಕಾಯ್ದೆಯಲ್ಲಿ ಎರಡು ಬೇಲಿ ಇದ್ದವು. ದಿನಕ್ಕೆ 9 ತಾಸು, ವಾರಕ್ಕೆ 48. ಯಾವುದು ದಾಟಿದರೂ ದುಪ್ಪಟ್ಟು. 2023ರಲ್ಲಿ ನಮ್ಮ ರಾಜ್ಯದ ತಿದ್ದುಪಡಿ ಬಂದು ದಿನದ ಪಾಳಿಯನ್ನು 12 ತಾಸಿನವರೆಗೆ ಹಿಗ್ಗಿಸಲು ದಾರಿ ಮಾಡಿತು. ವಾರದ 48 ಅಲ್ಲೇ ಉಳಿಯಿತು. 2025ರ ನವೆಂಬರ್ 21ರಿಂದ ಕೇಂದ್ರದ ಹೊಸ ಕಾರ್ಮಿಕ ಸಂಹಿತೆಗಳು ಬಂದವು, ಅಲ್ಲೂ ಓಟಿಗೆ ದುಪ್ಪಟ್ಟೇ, ಅದೂ ಕೆಲಸಗಾರ ಒಪ್ಪಿದರೆ ಮಾತ್ರ. ಅಂದರೆ ನಮ್ಮ ಹುಡುಗನ ದಿನದ ಬೇಲಿ ದೂರ ಹೋಯಿತು. ವಾರದ ಬೇಲಿ ಮಾತ್ರ ಗುರುವಾರ ಸಂಜೆಗೇ ಮುಗಿಯುತ್ತದೆ. ಶುಕ್ರವಾರ ಅವನು ಗೇಟಿನೊಳಗೆ ಕಾಲಿಟ್ಟ ಮೊದಲ ನಿಮಿಷದಿಂದಲೇ ಓಟಿ. ಅದು ಅರ್ಧ ದಿನದ ಹಾಜರಿ ಅಲ್ಲ, ಮೇಲ್ವಿಚಾರಕರ ಉಪಕಾರವೂ ಅಲ್ಲ.

ಮೊದಲು ಅವನು ವಾರದಲ್ಲಿ ನಾಲ್ಕು ದಿನ ಎರಡೆರಡು ತಾಸು ಹೆಚ್ಚಿಗೆ ನಿಲ್ಲುತ್ತಿದ್ದ. ಎಂಟು ತಾಸಿನ ಓಟಿ, ವಾರಕ್ಕೆ 1,600. ಈಗ ಶುಕ್ರವಾರ ಕರೆದ ವಾರ ಆರು ತಾಸು, 800. ದುಡಿಮೆ ಎರಡು ತಾಸು ಕಮ್ಮಿ, ದುಡ್ಡು ಅರ್ಧಕ್ಕರ್ಧ. "ಪಗಾರ ಅಷ್ಟೇ" ಅನ್ನುವ ಮಾತಿನಲ್ಲಿ ಇದೆಲ್ಲ ಕಾಣುವುದಿಲ್ಲ, ಯಾಕಂದ್ರೆ ಓಟಿಯನ್ನು ಯಾರೂ ಪಗಾರ ಅನ್ನುವುದಿಲ್ಲ. ಮನೆ ಬಾಡಿಗೆ ಮಾತ್ರ ಅದರಿಂದಲೇ ಹೋಗುತ್ತಿತ್ತು.

ಇದನ್ನು ಹೇಳಿದ ಕೂಡಲೇ ನನ್ನ ಗೆಳೆಯನೊಬ್ಬ ಫೋನಿನಲ್ಲಿ ಶುರು ಮಾಡಿದ. ಎರಡು ದಿನದ ಪೆಟ್ರೋಲ್ ಉಳಿಯುತ್ತದೆ, ಹುಡುಗ ಬೈಲಹೊಂಗಲ ಕಡೆ ಹೊಲಕ್ಕೆ ಹೋಗಿ ಬರುತ್ತಾನೆ, ನಿನಗೇನು ಹೊಟ್ಟೆನೋವು ಅಂತ. ಹೋಗಲಿ ಮಾರಾಯಾ, ಕಬ್ಬು ನೋಡಿಕೊಂಡು ಬರಲಿ, ಬೇಡ ಅಂದವರು ಯಾರು? ಪೆಟ್ರೋಲ್ ಉಳಿತು ಅಂತ ಓಟಿಯಲ್ಲಿ ಮೂರನೇ ಒಂದು ಭಾಗ ಬಿಟ್ಟುಕೊಡಬೇಕಾ? ಮತ್ತೆ ಬ್ರಿಟನ್ನಿನ ಮಾತು ಬೇರೆ ತೆಗೆದ. ಅಲ್ಲಿ 2022ರಲ್ಲಿ 61 ಕಂಪನಿಗಳು ಮಾಡಿದ ನಾಲ್ಕು ದಿನದ ವಾರದ ಪ್ರಯೋಗದಲ್ಲಿ ಕೆಲಸದ ತಾಸನ್ನೇ ಇಳಿಸಿ, ಪಗಾರ ಹಾಗೇ ಇಟ್ಟಿದ್ದರು. ಇಲ್ಲೂ ಎಂಟೆಂಟು ತಾಸಿನ ನಾಲ್ಕೇ ದಿನ ಮಾಡಿದ್ದರೆ ನಮ್ಮ ಹುಡುಗನ ದರ ತಾಸಿಗೆ 150 ಆಗುತ್ತಿತ್ತು. ನಮ್ಮಲ್ಲಿ ಮಾಡಿದ್ದು ಆರು ದಿನದ ಬುತ್ತಿಯನ್ನು ನಾಲ್ಕು ಡಬ್ಬಿಗೆ ತುರುಕಿದ್ದು.

ನನಗೆ ಇನ್ನೂ ಸಿಟ್ಟು ಬರುವುದು ಬೇರೆ ಕಾರಣಕ್ಕೆ. ದುಪ್ಪಟ್ಟು ಓಟಿ ಮಾಲೀಕರಿಗೆ ಒಂದು ಬ್ರೇಕ್ ಇದ್ದ ಹಾಗೆ. ಸಂಜೆ ಆದ ಮೇಲೆ ಆಳನ್ನು ನಿಲ್ಲಿಸಿಕೊಳ್ಳಲು ಇನ್ನೂರು ರೂಪಾಯಿ ಬೀಳುತ್ತದೆ ಅಂದರೆ ಎರಡು ಸಲ ಯೋಚಿಸುತ್ತಿದ್ದರು. ಈಗ ಹನ್ನೊಂದನೇ ತಾಸೂ ಮೊದಲನೇ ತಾಸಿನ ಬೆಲೆಗೇ ಸಿಗುತ್ತದೆ. ಆ ಹೊತ್ತಿಗೆ ಲೋಹ ಕತ್ತರಿಸುವ ಇನ್ಸರ್ಟ್ ಸವೆದದ್ದು ಕಣ್ಣಿಗೆ ಬೀಳುವುದಿಲ್ಲ, ಕೊರೆದ ತೂತಿನ ಅಳತೆ ತಪ್ಪುತ್ತದೆ, ರಿಜೆಕ್ಷನ್ ಆಪರೇಟರ್ ತಲೆಗೆ.

ಒಂದು ಮಾತು ಒಪ್ಪಿಕೊಂಡುಬಿಡ್ತೀನಿ. ನಾನೂ ಸಾಚಾ ಅಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಮೂರು ವರ್ಷ ಓಟಿಯನ್ನು ಬೇಸಿಕ್ ಮೇಲೆ ಮಾತ್ರ ಹಾಕಿದೆ, ಡಿಎ ಬಿಟ್ಟು. ಮೇಲಿನವರು ಹೇಳಿದ್ದರು, ಹಾಕಿದೆ. ವಯಸ್ಸಾದ ಮೋಲ್ಡರ್ ಒಬ್ಬರು ಬಂದು "ಸಾಹೇಬ್ರ, ಇದು ಕಮ್ಮಿ ಬಂದಂಗ ಐತಿ" ಅಂದಾಗ "ನಿಮಗೇನು ಲೆಕ್ಕ ತಿಳಿತದ ಅಜ್ಜಾರ" ಅಂತ ಕಳಿಸಿದ್ದೆ. ಕಾಯ್ದೆ ಓದಿದಾಗ ಗೊತ್ತಾಯಿತು, ಅವರದೇ ಸರಿ ಇತ್ತು. ಅಷ್ಟೊತ್ತಿಗೆ ಅವರು ರಿಟೈರ್ ಆಗಿದ್ದರು.

ಅದಕ್ಕೇ ಹೇಳ್ತಿದೀನಿ, ನಿಮ್ಮ ಮನೆಯಲ್ಲಿ ನಾಲ್ಕು ದಿನದ ಪಾಳಿಗೆ ಹೋಗುವವರಿದ್ದರೆ ಸ್ಲಿಪ್ ತೆಗೆಸಿ. ಓಟಿ ಮೊತ್ತವನ್ನು ಓಟಿ ತಾಸಿನಿಂದ ಭಾಗಿಸಿ, ಬಂದಿದ್ದರಲ್ಲಿ ಅರ್ಧ ಮಾಡಿ. ಆಮೇಲೆ ಒಂದು ದಿನದ ಗೈರಿನ ಕಡಿತವನ್ನು 12ರಿಂದ ಭಾಗಿಸಿ. ಎರಡೂ ಒಂದೇ ಬಂದರೆ ಕುಂದಾ ತಿನ್ನಿ. ಬರದಿದ್ದರೆ ನನಗೆ ಮೆಸೇಜ್ ಮಾಡಿ.

ನಮ್ಮ ಹುಡುಗ ಸೋಮವಾರ ಸ್ಲಿಪ್ಪಿನ ಹಿಂದೆ ನಾನು ಬರೆದುಕೊಟ್ಟ ಲೆಕ್ಕ ಹಿಡಿದು ಅಕೌಂಟ್ಸಿಗೆ ಹೋಗಿದ್ದ. "ಸಾಫ್ಟ್‌ವೇರ್ ಹಂಗ ಐತಿ, ಮುಂದಿನ ತಿಂಗಳು ನೋಡೋಣು" ಅಂದರಂತೆ. 1,200 ಕಡಿತ ಮಾತ್ರ ಇದೇ ತಿಂಗಳಲ್ಲಿ ಆಗಿದೆ.