ಆಯ್ಕೆ ನಿಮ್ಮದೇ, ಮಾಷ್ಟ್ರೇ

ಸುತ್ತೋಲೆ ಬಂದಿದೆ, ಮಲಯಾಳದಲ್ಲಿ. ಅದಕ್ಕೆ ಅಂಟಿಸಿದ ಫಾರ್ಮು ಇಂಗ್ಲಿಷಿನಲ್ಲಿ. ನಮ್ಮ ಸ್ಟಾಫ್ ರೂಮಿನಲ್ಲಿ ಅದರ ಅರ್ಥ ಬಿಡಿಸುವುದು ಕನ್ನಡದಲ್ಲಿ, ಬೈಯುವುದು ತುಳುವಿನಲ್ಲಿ. ಕಾಸರಗೋಡಿನ ಭಾಷಾ ಸೌಹಾರ್ದಕ್ಕೆ ಆದಾಯ ತೆರಿಗೆ ಇಲಾಖೆ ಮಾಡಿದಷ್ಟು ಸೇವೆಯನ್ನು ಯಾವ ಅಕಾಡೆಮಿಯೂ ಮಾಡಿಲ್ಲ.

ಪ್ರಶ್ನೆ ನಿಮಗೆಲ್ಲ ಗೊತ್ತಿರುವುದೇ. ಸಂಬಳದ ಆದಾಯ ತೆರಿಗೆಗೆ ಓಲ್ಡ್ ರೆಜೀಮೋ, ನ್ಯೂ ರೆಜೀಮೋ? ಒಂದಕ್ಕೆ ಟಿಕ್ ಹಾಕಿ, ಸಹಿ ಮಾಡಿ, ನಾಳೆ ಹನ್ನೊಂದರೊಳಗೆ ಕೊಡಿ.

2020ರ ಬಜೆಟ್ಟಿನಲ್ಲಿ ಹೊಸ ಪದ್ಧತಿ ಬಂದಾಗ ಅದನ್ನು ಬೇಕೆಂದವರು ಕೇಳಿ ಪಡೆಯಬೇಕಿತ್ತು. ಹೆಚ್ಚಿನವರು ಕೇಳಲಿಲ್ಲ. 2023-24ರಿಂದ ಲೆಕ್ಕ ತಲೆಕೆಳಗಾಯಿತು: ನೀವು ಬಾಯಿ ಬಿಡದಿದ್ದರೆ ಹೊಸತೇ ನಿಮ್ಮದು, ಹಳತು ಬೇಕಿದ್ದರೆ ಬಾಯಿ ಬಿಡಬೇಕು. ಆಯ್ಕೆಯ ಸ್ವಾತಂತ್ರ್ಯವೆಂದರೆ ಇದು. ಇನ್ನೂ ಒಂದು ಮಜಾ ಉಂಟು. ನೌಕರರಲ್ಲಿ ಕೇಳಿ ಎಂದು ಸಂಬಳ ಕೊಡುವವರಿಗೆ ನೇರ ತೆರಿಗೆ ಮಂಡಳಿಯಾದ ಸಿಬಿಡಿಟಿ 2023ರ ಏಪ್ರಿಲ್ 5ರಂದು ಸುತ್ತೋಲೆ ಕಳುಹಿಸಿತಲ್ಲ, ನೌಕರ ಹೀಗೆ ತಿಳಿಸುವುದು ಕಾನೂನಿನ ಪ್ರಕಾರ ಆಯ್ಕೆ ಮಾಡಿದಂತಲ್ಲ ಎಂದು ಅದರಲ್ಲೇ ಬರೆದಿದೆ. ನಿಜವಾದ ಆಯ್ಕೆ ರಿಟರ್ನ್ ಸಲ್ಲಿಸುವಾಗ, ಮಾಮೂಲಾಗಿ ಜುಲೈ 31ರೊಳಗೆ. ಗಡುವು ದಾಟಿದರೆ ಹಳೆ ಬಾಗಿಲು ಮುಚ್ಚಿತು. ಹಾಗಾದರೆ ಈಗ ಹಾಕುವ ಟಿಕ್ ಯಾತಕ್ಕೆ? ತಿಂಗಳ ಸಂಬಳದಲ್ಲಿ ಎಷ್ಟು ಮುರಿಯಬೇಕು ಎಂದು ಆಫೀಸಿಗೆ ಗೊತ್ತಾಗಲಿಕ್ಕೆ, ಅಷ್ಟೇ. ಅದಕ್ಕೆ ಇಷ್ಟು ಗಾಂಭೀರ್ಯ.

ನಮ್ಮ ಗಣಿತದ ಮಾಷ್ಟ್ರು ಮಾತ್ರ ಇದನ್ನು ಗಂಭೀರವಾಗಿಯೇ ತೆಗೆದುಕೊಂಡರು. ಸರ್ವೀಸು ಜಾಸ್ತಿಯಾದವರು, 2025-26ರ ಒಟ್ಟು ಸಂಬಳ 15 ಲಕ್ಷ. ಉಳಿತಾಯ, ವಿಮೆ, ಸಾಲ ತೋರಿಸಿದರೆ ತೆರಿಗೆ ಇಳಿಯುವ ಹಳೆ ಪದ್ಧತಿಯ ಪರಮ ಭಕ್ತರು. ಪಿಎಫ್, ಎಸ್‌ಎಲ್‌ಐ, ಎಲ್‌ಐಸಿ ಎಲ್ಲ ಸೇರಿ 80ಸಿಯ ಒಂದೂವರೆ ಲಕ್ಷ ತುಂಬಿ ಹೊರಗೆ ಚೆಲ್ಲುತ್ತಿದೆ. ಮನೆ ಸಾಲದ ಬಡ್ಡಿ ಪೂರ್ತಿ 2 ಲಕ್ಷ. ತಮ್ಮ ಸಂಸಾರದ ಆರೋಗ್ಯ ವಿಮೆಗೆ 25 ಸಾವಿರ, ವಯಸ್ಸಾದ ಅಪ್ಪ ಅಮ್ಮನದ್ದಕ್ಕೆ 50 ಸಾವಿರ. ಯಾರೋ ಹೇಳಿದರೆಂದು ಎನ್‌ಪಿಎಸ್‌ಗೂ 50 ಸಾವಿರ ಹಾಕಿದ್ದಾರೆ. ವೃತ್ತಿ ತೆರಿಗೆ 2,500. ಕಾನೂನು ಎಲ್ಲೆಲ್ಲಿ ಮಿತಿ ಹಾಕಿದೆಯೋ ಅಲ್ಲೆಲ್ಲ ಮಿತಿಯ ತುದಿಗೆ ಹೋಗಿ ನಿಂತವರು. ಕೂಡಿಸಿದರೆ 4,77,500.

ಇದನ್ನೂ 50 ಸಾವಿರದ ಸ್ಟ್ಯಾಂಡರ್ಡ್ ಡಿಡಕ್ಷನ್ನನ್ನೂ ಕಳೆದರೆ ಉಳಿಯುವುದು 9,72,500. ಹಳೆ ದರದಲ್ಲಿ ಮೊದಲ ಎರಡೂವರೆ ಲಕ್ಷಕ್ಕೆ ಸೊನ್ನೆ, 5 ಲಕ್ಷದವರೆಗೆ ಶೇಕಡಾ 5, ಆಮೇಲೆ ನೇರ 20ಕ್ಕೆ ಹಾರುತ್ತದೆ. ತೆರಿಗೆ 1,07,000, ಶೇಕಡಾ 4ರ ಸೆಸ್ ಸೇರಿ 1,11,280.

ಈಗ ಪಕ್ಕದ ಬೆಂಚಿನ ಡ್ರಿಲ್ ಮಾಷ್ಟ್ರು. ಸಂಬಳ ಅಷ್ಟೇ ಎಂದು ಇಟ್ಟುಕೊಳ್ಳಿ. ಸಾಲ ಇಲ್ಲ, ಪಾಲಿಸಿ ಇಲ್ಲ, ನಾಳೆಯ ಚಿಂತೆ ಇಲ್ಲ. ಹೊಸ ಪದ್ಧತಿಯಲ್ಲಿ ಸ್ಟ್ಯಾಂಡರ್ಡ್ ಡಿಡಕ್ಷನ್ 75 ಸಾವಿರ, ಉಳಿದದ್ದು 14,25,000. 4 ಲಕ್ಷದವರೆಗೆ ಸೊನ್ನೆ, ಮುಂದಿನ ನಾಲ್ಕು ಲಕ್ಷಕ್ಕೆ ಶೇಕಡಾ 5, ಮತ್ತಿನ ನಾಲ್ಕಕ್ಕೆ 10, ಮಿಕ್ಕಿದ್ದಕ್ಕೆ 15. ತೆರಿಗೆ 93,750, ಸೆಸ್ ಸೇರಿ 97,500. ಒಂದು ರಶೀದಿಯನ್ನೂ ಫೈಲು ಮಾಡದ ಮನುಷ್ಯ 13,780 ರೂಪಾಯಿ ಗೆದ್ದ!

ಗಣಿತದ ಮಾಷ್ಟ್ರು ಕ್ಯಾಲ್ಕುಲೇಟರನ್ನು ಮೂರು ಸಲ ಒತ್ತಿದರು. ಸರಿಯಾಗಿಯೇ ಇತ್ತು. 15 ಲಕ್ಷದ ಸಂಬಳದವರಿಗೆ ಎರಡೂ ಪದ್ಧತಿ ಸಮ ಆಗಬೇಕಿದ್ದರೆ ಸ್ಟ್ಯಾಂಡರ್ಡ್ ಡಿಡಕ್ಷನ್ ಬಿಟ್ಟು 5,43,750ರ ಕಡಿತ ಬೇಕು. ಅವರಿಗೆ ಇನ್ನೂ 66,250 ಕಡಿಮೆ ಬಿತ್ತು.

“ಬಾಡಿಗೆ ತೋರಿಸಿ ಮಾಷ್ಟ್ರೇ” ಎಂದರು ಹಿಂದಿ ಪಂಡಿತರು. “ಅಮ್ಮನಿಗೆ ಬಾಡಿಗೆ ಕೊಡ್ತೇನೆ ಅಂತ ಒಂದು ರಶೀದಿ ಮಾಡಿದರೆ ಆಯಿತಲ್ಲ, ಎಂತ ಉಂಟು ಅದರಲ್ಲಿ?”

ಬಾಡಿಗೆ ರಶೀದಿಯ ಬಗ್ಗೆ ಎರಡು ಮಾತು ಹೇಳಲೇಬೇಕು. ನಮ್ಮ ದೇಶದಲ್ಲಿ ಅತಿ ಹೆಚ್ಚು ಕಲ್ಪನಾಶಕ್ತಿ ಖರ್ಚಾದ ಸಾಹಿತ್ಯ ಪ್ರಕಾರ ಅದು. ಜನವರಿ ಕೊನೆಗೆ ಒಂದೇ ಕೂರಿನಲ್ಲಿ, ಒಂದೇ ಪೆನ್ನಿನಲ್ಲಿ, ಹನ್ನೆರಡು ತಿಂಗಳ ಹನ್ನೆರಡು ರಶೀದಿ. ರೆವೆನ್ಯೂ ಸ್ಟಾಂಪಿನ ಮೇಲೆ ಅಮ್ಮನ ಸಹಿ, ಅದೂ ಮಗನ ಅಕ್ಷರದಲ್ಲಿ. ಅಪ್ಪ ಅಮ್ಮನಿಗೆ ಬಾಡಿಗೆ ಕೊಡುವುದು ಕಾನೂನಿಗೆ ಒಪ್ಪಿಗೆಯೇ. ಆದರೆ ಮನೆ ಅವರ ಹೆಸರಲ್ಲಿರಬೇಕು, ದುಡ್ಡು ನಿಜವಾಗಿ ಅವರ ಖಾತೆಗೆ ಹೋಗಬೇಕು, ವರ್ಷಕ್ಕೆ ಒಂದು ಲಕ್ಷ ದಾಟಿದರೆ ಅವರ ಪ್ಯಾನ್ ಕೊಡಬೇಕು, ಆ ಬಾಡಿಗೆ ಅವರ ಆದಾಯದಲ್ಲೂ ಬರಬೇಕು. ನಮ್ಮ ಮಾಷ್ಟ್ರು ಕೂತಿರುವುದೋ ಸಾಲ ಮಾಡಿ ಕಟ್ಟಿದ ಸ್ವಂತ ಮನೆಯಲ್ಲಿ. ಅದನ್ನು ಬಿಟ್ಟು ತರವಾಡು ಮನೆಗೆ ಹೋಗಿ ಅಮ್ಮನ ಬಾಡಿಗೆದಾರ ಆಗುತ್ತೇನೆಂದು ಹೊರಟರೂ, ಮೂಲವೇತನ ಮತ್ತು ಡಿಎಯ ಶೇಕಡಾ 10ರಷ್ಟು ಬಾಡಿಗೆಗೆ ಏನೂ ಸಿಗುವುದಿಲ್ಲ. ಅದು 14 ಲಕ್ಷವೆಂದು ಹಿಡಿದರೆ ಮೊದಲ 1,40,000 ಬಾಡಿಗೆ ನೀರಿಗೆ. ಬೇಕಾದ 66,250 ದಕ್ಕಬೇಕಿದ್ದರೆ ತಿಂಗಳಿಗೆ 17 ಸಾವಿರದ ಮೇಲೆ ಬಾಡಿಗೆ. ಬದಿಯಡ್ಕದಲ್ಲಿ! ಆ ಬಾಡಿಗೆಗೆ ಅಮ್ಮ ಮೂರು ಹೊತ್ತು ಊಟ ಹಾಕಿ ಬಟ್ಟೆಯನ್ನೂ ಒಗೆದು ಕೊಡಬೇಕಾದೀತು. ಅದೂ ಸಾಲದು, ಕೈಗೆ ಬರುವ ಎಚ್‌ಆರ್‌ಎಗಿಂತ ಹೆಚ್ಚು ವಿನಾಯಿತಿ ಇಲ್ಲ, ಪಂಚಾಯತಿನ ಎಚ್‌ಆರ್‌ಎ ಅಲ್ಲಿಯವರೆಗೆ ಏರುವುದೇ ಇಲ್ಲ.

ಹಾಗಾದರೆ ಹಳೆ ಪದ್ಧತಿ ಯಾರಿಗೆ? ದೊಡ್ಡ ಊರಿನಲ್ಲಿ ದೊಡ್ಡ ಬಾಡಿಗೆ ಕೊಟ್ಟು, ಬೇರೆ ಊರಿನಲ್ಲಿ ದೊಡ್ಡ ಮನೆ ಸಾಲವನ್ನೂ ಕಟ್ಟುತ್ತಿರುವವರಿಗೆ. 25 ಲಕ್ಷ ಸಂಬಳದವರಿಗಾದರೆ 8 ಲಕ್ಷದ ಕಡಿತ ಇದ್ದರೆ ಸಮ. ಅತ್ತ 12,75,000ದ ಒಳಗೆ ಸಂಬಳ ಇರುವವರಿಗೆ ಹೊಸತರಲ್ಲಿ ತೆರಿಗೆಯೇ ಸೊನ್ನೆ, ಸೊನ್ನೆಗಿಂತ ಕಡಿಮೆ ಯಾವ ಹಳೆ ಪದ್ಧತಿಯಲ್ಲೂ ಬರುವುದಿಲ್ಲ. ಆದರೂ ಅವರ ಕೈಗೂ ಅದೇ ಫಾರ್ಮು, ಅದೇ ಟಿಕ್ಕು, ನಾಳೆ ಹನ್ನೊಂದರೊಳಗೆ.

ನಗುವುದು ಇಲ್ಲಿಗೆ ಸಾಕು. ಕೆಲಸಕ್ಕೆ ಸೇರಿದ ಮೊದಲ ತಿಂಗಳೇ ನಮ್ಮ ತಲೆಮಾರಿನವರನ್ನು ಕೂರಿಸಿ, ಉಳಿಸಿ, ವಿಮೆ ಮಾಡಿಸಿ, ಮನೆ ಕಟ್ಟಿ, ತೆರಿಗೆ ಕಡಿಮೆ ಮಾಡುತ್ತೇವೆ ಎಂದು ಹೇಳಿದ್ದು ಇದೇ ಸರಕಾರ. ಆ ಮಾತು ನಂಬಿ ಇಪ್ಪತ್ತು ವರ್ಷದ ಸಾಲಕ್ಕೆ ಸಹಿ ಹಾಕಿದವರಿದ್ದಾರೆ. ಸಾಲ ಅರ್ಧ ತೀರುವ ಮೊದಲು ಆಟದ ನಿಯಮ ಬದಲಾಯಿತು. ಬದಲಾಯಿಸಲಿ, ಬೇಡ ಎನ್ನಲಿಲ್ಲ. ಹಳತನ್ನು ತೆಗೆದೇಬಿಟ್ಟಿದ್ದೇವೆ ಎಂದು ಮುಖಕ್ಕೆ ಹೇಳುವ ಧೈರ್ಯವಾದರೂ ಇರಬೇಕಿತ್ತು. ಅದರ ಬದಲು ಹಳೆಯದರ ಮಿತಿಗಳನ್ನು ಇದ್ದಲ್ಲೇ ಬಿಟ್ಟು, 80ಸಿಯ ಒಂದೂವರೆ ಲಕ್ಷವನ್ನು 2014ರಿಂದ ಒಂದು ರೂಪಾಯಿ ಏರಿಸದೆ, ಅದು ತಾನಾಗಿ ಸಾಯುವುದನ್ನು ಕಾಯುತ್ತಾ, ವರ್ಷ ವರ್ಷ ಬಂದು “ಯಾವುದು ಬೇಕು, ಆಯ್ಕೆ ನಿಮ್ಮದೇ” ಎಂದು ಕೇಳುವುದು ಬೇಸರ ತರಿಸುತ್ತದೆ.

ಇರಲಿ. ನಮ್ಮ ಊರಿನ ನಿಜವಾದ ತಮಾಷೆ ಅಡಿಕೆಯಲ್ಲಿ ಉಂಟು.

2025ರ ಬಜೆಟ್ಟಿನ ಮರುದಿನ ಎಲ್ಲ ಪೇಪರಿನಲ್ಲೂ ಒಂದೇ ತಲೆಬರಹ: 12 ಲಕ್ಷದವರೆಗೆ ತೆರಿಗೆ ಇಲ್ಲ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲ ಎಂಬುದು ಅಜ್ಜನ ಕಾಲದ ಮಾತು. ಎರಡು ಇಲ್ಲಗಳು ಕೂಡಿದರೆ ಎಷ್ಟಾಗುತ್ತದೆ? ನಮ್ಮ ವಿಜ್ಞಾನದ ಟೀಚರಿಗೆ 23,400 ಆಗುತ್ತದೆ.

ಅವರ ಸಂಬಳ 12,25,000, ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದು 11,50,000. ಅವರ ಹೆಸರಿನ ತೋಟದಿಂದ ಖರ್ಚು ಕಳೆದು 3 ಲಕ್ಷ. ತೋಟದ ದುಡ್ಡಿಗೆ ತೆರಿಗೆ ಇಲ್ಲ, ಸರಿ, ಆದರೆ ದರ ಗೊತ್ತು ಮಾಡಲಿಕ್ಕೆ ಅದನ್ನು ಸಂಬಳದ ಜೊತೆ ನಿಲ್ಲಿಸುತ್ತಾರೆ. ಎರಡೂ ಸೇರಿ 14,50,000, ಅದಕ್ಕೆ ತೆರಿಗೆ 97,500. ಆಮೇಲೆ ತೋಟದ 3 ಲಕ್ಷಕ್ಕೆ ಸೊನ್ನೆ ದರದ 4 ಲಕ್ಷ ಸೇರಿಸಿ, ಆ 7 ಲಕ್ಷದ ತೆರಿಗೆ 15,000ವನ್ನು ಅದರಿಂದ ಕಳೆಯುತ್ತಾರೆ. ಉಳಿಯಿತು 82,500. ಈಗ ಬರುತ್ತದೆ ರಿಬೇಟು. 12 ಲಕ್ಷದವರೆಗೆ ತೆರಿಗೆ ಇಲ್ಲ ಎನ್ನುವುದು ದರದಲ್ಲಿರುವ ಸೊನ್ನೆ ಅಲ್ಲ, ಬಂದ ತೆರಿಗೆಯಲ್ಲಿ 60,000ದವರೆಗೆ ಮಾಫಿ ಮಾಡುವ ಏರ್ಪಾಡು. 82,500ರಲ್ಲಿ 60,000 ಹೋದರೆ 22,500, ಸೆಸ್ ಸೇರಿ 23,400. ತೋಟ ಇಲ್ಲದಿದ್ದರೆ ಅವರ ತೆರಿಗೆ 55,000 ಆಗಿ, ಪೂರ್ತಿ ಮಾಫಿಯಾಗುತ್ತಿತ್ತು.

ಇದು ಯಾರ ಕಣ್ಣಿಗೂ ಮೊದಲು ಬೀಳುವುದಿಲ್ಲ. ಆಫೀಸಿಗೆ ಅಡಿಕೆಯ ವಿಷಯ ಗೊತ್ತಿಲ್ಲ, ಹಾಗಾಗಿ ಫಾರ್ಮ್ 16ರಲ್ಲಿ ತೆರಿಗೆ ಸೊನ್ನೆ. ಜುಲೈಯಲ್ಲಿ ರಿಟರ್ನ್ ಹಾಕಲು ಕೂತರೆ, ಕೃಷಿ ಆದಾಯ 5,000 ದಾಟಿದವರಿಗೆ ಐಟಿಆರ್-1 ಇಲ್ಲ, ಐಟಿಆರ್-2 ತುಂಬಬೇಕು. ತುಂಬಿದ ಮೇಲೆ ಈ ಮೊತ್ತ ಎದ್ದು ನಿಲ್ಲುತ್ತದೆ, ಬಾಕಿ 10,000 ದಾಟಿದ್ದರಿಂದ ಮುಂಗಡ ತೆರಿಗೆ ಯಾಕೆ ಕಟ್ಟಲಿಲ್ಲ ಎಂದು ಬಡ್ಡಿಯೂ ಸೇರುತ್ತದೆ. ಹಳೆ ಪದ್ಧತಿಗೆ ಓಡಿಹೋಗೋಣವೇ ಎಂದರೆ ಅಲ್ಲೂ ಇದೇ ಕೂಡಿಸುವ ಲೆಕ್ಕ, ದರ ಮಾತ್ರ ಇನ್ನೂ ಖಾರ. ಟೀಚರ್ ಹೇಳಿದ್ದು ಒಂದೇ ಮಾತು: “ಕೊಳೆರೋಗಕ್ಕೆ ಹೋದದ್ದು ಹೋಗಿ ಉಳಿದದ್ದಲ್ವಾ ಇದು, ಇವರಿಗೂ ಬೇಕಾ?”

ಅಷ್ಟು ಹೊತ್ತು ಸುಮ್ಮನಿದ್ದ ನಮ್ಮ ಗುಮಾಸ್ತರಿಗೂ ಒಂದು ಲೆಕ್ಕ ಇತ್ತು. ಅವರ ಸಂಬಳ ಸರಿಯಾಗಿ 12,75,000ಕ್ಕೆ ಬಂದು ನಿಂತಿದೆ, ತೆರಿಗೆ ಸೊನ್ನೆ. ಇನ್ನು 10,000 ರೂಪಾಯಿ ಡಿಎ ಏರಿದರೆ ಗೆರೆ ದಾಟಿತು. ಲೆಕ್ಕಕ್ಕೆ ಬರುವ ತೆರಿಗೆ 61,500, ಆದರೆ ದಾಟಿದ ಮೊತ್ತಕ್ಕಿಂತ ಹೆಚ್ಚು ತೆರಿಗೆ ಬೇಡ ಎಂಬ ಕರುಣೆಯಿಂದ ಅದನ್ನು 10,000ಕ್ಕೆ ನಿಲ್ಲಿಸುತ್ತಾರೆ. ಸೆಸ್ಸಿಗೆ ಆ ಕರುಣೆ ಇಲ್ಲ, ಅದರ ಮೇಲೆ 400. ಅಂದರೆ ಹತ್ತು ಸಾವಿರ ಹೆಚ್ಚು ದುಡಿದದ್ದಕ್ಕೆ 10,400 ಕಟ್ಟಬೇಕು. ಗೆರೆಯ ಮೇಲೆ 70 ಸಾವಿರ ಚಿಲ್ಲರೆಯವರೆಗೂ ಇದೇ ಕಥೆ, ಬಂದದ್ದೆಲ್ಲ ಅವರಿಗೆ. ಹಿಂದಿನ ವರ್ಷಗಳ ಬಾಕಿಯಾದರೆ ಫಾರ್ಮ್ 10ಇ ಹಾಕಿ ಸ್ವಲ್ಪ ಪರಿಹಾರ ಕೇಳಬಹುದು, ಈ ವರ್ಷದ್ದೇ ಹೆಚ್ಚಳವಾದರೆ ಅದೂ ಇಲ್ಲ.

ಗುಮಾಸ್ತರು ತುಂಬ ಹೊತ್ತು ಯೋಚಿಸಿ ಹೆಡ್‌ಮಿಸ್ಟ್ರೆಸರ ಕೋಣೆಗೆ ಹೋದರು.

“ಟೀಚರ್, ಈ ವರ್ಷ ನನಗೆ ಡಿಎ ಏರಿಸುವುದು ಬೇಡ ಅಂತ ಬರೆದು ಕೊಡಲಿಕ್ಕೆ ಆಗ್ತದಾ?”

“ಬರೆದು ಕೊಡಿ” ಎಂದರು ಟೀಚರ್, ತಲೆ ಎತ್ತದೆ. “ಡಿಎ ಅಂತ ಒಂದು ಬಂದಾಗ ನೋಡುವ.”